ಎಳೆ ಎಣಿಸಿ, ತೂಗಿ ನೋಡಿ: ಹತ್ತಿಯ ಬೆಡ್‌ಶೀಟ್ ಮತ್ತು ಟವೆಲ್ ಆರಿಸುವ ಬಗೆ

ವಿಜಯಪುರದಲ್ಲಿ ಬೆಡ್‌ಶೀಟು, ಟವೆಲು, ಚಾದರಗಳ ಅಂಗಡಿ ಇಟ್ಟುಕೊಂಡಿರುವ ನನಗೆ ಈಚಿನ ವರ್ಷಗಳಲ್ಲಿ ಗಿರಾಕಿಗಳಿಂದ ಹೆಚ್ಚಾಗಿ ಬರುವ ಪ್ರಶ್ನೆ ಬೆಲೆಯದಲ್ಲ, ನಂಬರಿನದು. ಪೊಟ್ಟಣದ ಮೇಲೆ 200 ಎಂದಿರುವುದಕ್ಕಿಂತ 300 ಎಂದಿರುವುದು ಒಳ್ಳೆಯದೇ, 600 ಎಂದಿದ್ದರೆ ಅದಕ್ಕಿಂತಲೂ ಒಳ್ಳೆಯದೇ ಎಂದು ಕೇಳುತ್ತಾರೆ. ಗೋಳಗುಮ್ಮಟ ನೋಡಲು ಬರುವವರಿಗಾಗಿ ಹನ್ನೆರಡು ಕೋಣೆಗಳ ಲಾಡ್ಜ್ ಕಟ್ಟಿಸಿದ್ದ ಗೃಹಸ್ಥರೊಬ್ಬರು ಮೂರು ಬೆಡ್‌ಶೀಟುಗಳನ್ನು ಗಲ್ಲೆಯ ಮುಂದೆ ಹರವಿಕೊಂಡು, "ಅಣ್ಣಾರ, ಇದರ ಮ್ಯಾಲ ಆರ್ನೂರು ಅಂತ ಬರದಾರ, ರೇಟೂ ಕಮ್ಮಿ ಐತಿ. ಇದನ್ನ ತಗೊಂಡ್ರ ಆತಲ್ರಿ?" ಎಂದು ಕೇಳಿದ ದಿನ, ಬಾಯಿಮಾತಿನಲ್ಲಿ ಉತ್ತರಿಸುವ ಬದಲು ತಕ್ಕಡಿ, ಅಳತೆಪಟ್ಟಿ ಮತ್ತು ಭೂತಗನ್ನಡಿಯನ್ನು ತಂದಿಟ್ಟೆ. ಅಂದು ನಾವಿಬ್ಬರೂ ಕೂಡಿ ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಆ ಮೂರರಲ್ಲಿ ಮೊದಲನೆಯದು 200 ಎಂಬ ಗುರುತಿನ ಸಾದಾ ನೇಯ್ಗೆಯದು, ಎರಡನೆಯದು 300 ಎಂಬ ಗುರುತಿನ ಸ್ಯಾಟಿನ್ ನೇಯ್ಗೆಯದು. ಇವೆರಡೂ 90 ಇಂಚು ಅಗಲ, 108 ಇಂಚು ಉದ್ದದವು. ಮೂರನೆಯದು '600 ಟಿಸಿ' ಎಂದು ದೊಡ್ಡದಾಗಿ ಅಚ್ಚಾಗಿದ್ದ, 90 ಇಂಚು ಅಗಲ, 100 ಇಂಚು ಉದ್ದದ ಬಣ್ಣದ ಶೀಟು.

ಈ ಅಂಕಿ ಏನನ್ನು ಹೇಳುತ್ತದೆ ಎಂಬುದನ್ನು ತಿಳಿಯಲು ಮಗ್ಗದ ಭಾಷೆಗೇ ಹೋಗಬೇಕು. ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಎಳೆಗಳಿಗೆ ಹಾಸು ಎಂದೂ ಅಡ್ಡಕ್ಕೆ ಲಾಳಿ ತುಂಬುವ ಎಳೆಗಳಿಗೆ ಹೊಕ್ಕು ಎಂದೂ ಹೆಸರು. ಒಂದು ಇಂಚಿನ ಅಗಲದಲ್ಲಿರುವ ಹಾಸಿನ ಎಳೆಗಳನ್ನೂ ಒಂದು ಇಂಚಿನ ಉದ್ದದಲ್ಲಿರುವ ಹೊಕ್ಕಿನ ಎಳೆಗಳನ್ನೂ ಎಣಿಸಿ ಕೂಡಿಸಿದರೆ ಬರುವ ಮೊತ್ತವೇ ಥ್ರೆಡ್ ಕೌಂಟ್, ಪೊಟ್ಟಣದ ಮೇಲಿನ 'ಟಿಸಿ'. ಮೊದಲನೆಯ ಶೀಟಿನಲ್ಲಿ ಹಾಸು 112, ಹೊಕ್ಕು 88 ಇದ್ದವು, ಆದ್ದರಿಂದ ಅದು ನಿಜವಾಗಿಯೂ 200ರದು. ಈ ಅಂಕಿ ಎಳೆಗಳು ಎಷ್ಟು ಎಂಬುದನ್ನು ಹೇಳುತ್ತದೆಯೇ ಹೊರತು ಎಳೆ ಎಷ್ಟು ದಪ್ಪ, ಯಾವ ನಾರಿನದು, ಎಂಥ ಹತ್ತಿಯದು ಎಂಬುದನ್ನು ಹೇಳುವುದಿಲ್ಲ.

ಎಳೆಯ ದಪ್ಪವನ್ನು ಹೇಳುವುದು ನೂಲಿನ ನಂಬರು. ರಬಕವಿ-ಬನಹಟ್ಟಿಯ ಮಗ್ಗದವರು 'ನಲವತ್ತರ ನೂಲು', 'ಅರವತ್ತರ ನೂಲು' ಎಂದು ದಿನವೂ ಆಡುವ ಮಾತು ಇದೇ. ಒಂದು ಪೌಂಡ್ ತೂಕದ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೆಯೋ ಅದೇ ಅದರ ನಂಬರು. ಆದ್ದರಿಂದ ನಂಬರು ಏರಿದಷ್ಟೂ ನೂಲು ಸಣ್ಣದಾಗುತ್ತದೆ. ಅರವತ್ತರ ನೂಲು ನಲವತ್ತರದಕ್ಕಿಂತ ತೆಳು, ಇಪ್ಪತ್ತರದು ಇವೆರಡಕ್ಕಿಂತ ದಪ್ಪ. ಹೊಸಬರಿಗೆ ಇದು ತಲೆಕೆಳಗಾದ ಲೆಕ್ಕದಂತೆ ಕಾಣುವುದು ಸಹಜ.

ಮೂರನೆಯ ಅಳತೆ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದು. ಎಳೆಯ ಎಣಿಕೆ, ನೂಲಿನ ನಂಬರು, ತೂಕ ಈ ಮೂರೂ ಒಂದಕ್ಕೊಂದು ಕಟ್ಟುಬಿದ್ದಿವೆ. ಇವುಗಳಲ್ಲಿ ಯಾವುದಾದರೂ ಎರಡು ತಿಳಿದರೆ ಮೂರನೆಯದನ್ನು ಲೆಕ್ಕ ಹಾಕಿ ಹೇಳಬಹುದು, ಮತ್ತು ಪೊಟ್ಟಣದ ಮೇಲಿನ ಮಾತಿನ ಸತ್ಯಾಸತ್ಯ ತಿಳಿಯುವುದು ಈ ಲೆಕ್ಕದಿಂದಲೇ. ಹಾಸು, ಹೊಕ್ಕು ಎರಡಕ್ಕೂ ಒಂದೇ ನಂಬರಿನ ನೂಲಿದ್ದಾಗ ಸೂತ್ರ ಹೀಗಿದೆ:

ಜಿಎಸ್‌ಎಂ = (ಒಂದು ಇಂಚಿನ ಒಟ್ಟು ಎಳೆ ÷ ನೂಲಿನ ನಂಬರು) × 23.25

ಎಳೆಗಳು ಬಟ್ಟೆಯಲ್ಲಿ ನೆಟ್ಟಗೆ ಮಲಗಿರುವುದಿಲ್ಲ, ಒಂದರ ಮೇಲೊಂದು ಹತ್ತಿ ಇಳಿಯುತ್ತ ಹೋಗುತ್ತವೆ. ಆ ಬಳುಕಿಗೆ ಸ್ವಲ್ಪ ಹೆಚ್ಚು ನೂಲು ಬೇಕಾಗುವುದರಿಂದ ಬಂದ ಉತ್ತರಕ್ಕೆ ನೂರಕ್ಕೆ ಐದರಿಂದ ಏಳರಷ್ಟು ಸೇರಿಸಿಕೊಳ್ಳಬೇಕು. ಇದು ಅಂದಾಜಿನ ಸೂತ್ರ. ಆದರೂ ಅಂಗಡಿಯ ಗಲ್ಲೆಯ ಮೇಲೆ ಮೋಸವನ್ನು ಹಿಡಿಯಲು ಇಷ್ಟು ಸಾಕು.

ನಲವತ್ತರ ನೂಲಿನ ಮೊದಲನೆಯ ಶೀಟಿಗೆ ಇದನ್ನು ಹಚ್ಚಿ ನೋಡಿದೆವು. 200 ಎಳೆಯನ್ನು 40ರಿಂದ ಭಾಗಿಸಿದರೆ 5, ಅದನ್ನು 23.25ರಿಂದ ಗುಣಿಸಿದರೆ 116, ಬಳುಕಿನ ಪಾಲು ಸೇರಿದರೆ ಸುಮಾರು 124. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಶೀಟನ್ನು ಇಟ್ಟಾಗ 780 ಗ್ರಾಂ ತೋರಿಸಿತು. 90 ಇಂಚು ಎಂದರೆ 2.286 ಮೀಟರು, 108 ಇಂಚು ಎಂದರೆ 2.743 ಮೀಟರು, ಗುಣಿಸಿದರೆ 6.27 ಚದರ ಮೀಟರು. 780ನ್ನು ಇದರಿಂದ ಭಾಗಿಸಿದಾಗ ಬಂದದ್ದು 124. ಹೇಳಿದ್ದಕ್ಕೂ ತೂಗಿದ್ದಕ್ಕೂ ತಾಳೆಯಾಯಿತು.

ಎರಡನೆಯದಕ್ಕೆ ಅರವತ್ತರ ನೂಲು, ಹಾಸು 180, ಹೊಕ್ಕು 120, ಒಟ್ಟು 300. ಇಲ್ಲಿಯೂ 300ನ್ನು 60ರಿಂದ ಭಾಗಿಸಿದರೆ ಬರುವುದು ಅದೇ 5. ತಕ್ಕಡಿ 765 ಗ್ರಾಂ ತೋರಿಸಿತು, ಅಂದರೆ ಚದರ ಮೀಟರಿಗೆ 122. ಲಾಡ್ಜಿನವರು ಇದನ್ನು ಕಂಡು ಎರಡು ಸಲ ತೂಗಿಸಿದರು. 300 ಎಂಬ ಶೀಟಿನಲ್ಲಿ 200ರ ಶೀಟಿಗಿಂತ ಒಂದೂವರೆ ಪಟ್ಟು ಹತ್ತಿ ಇರುತ್ತದೆ ಎಂದು ಅವರು ತಿಳಿದಿದ್ದರು. ವಾಸ್ತವದಲ್ಲಿ ಎರಡರಲ್ಲಿಯೂ ಇರುವ ಹತ್ತಿ ಹೆಚ್ಚುಕಡಿಮೆ ಅಷ್ಟೇ. ಒಂದರಲ್ಲಿ ಅದನ್ನು ದಪ್ಪವಾಗಿ ನೂತಿದ್ದಾರೆ, ಇನ್ನೊಂದರಲ್ಲಿ ಸಣ್ಣಗೆ ನೂತಿದ್ದಾರೆ. ಸಣ್ಣ ನೂಲಿಗೆ ಉದ್ದ ನಾರಿನ ಹತ್ತಿ ಬೇಕು, ನೂಲುವ ಖರ್ಚೂ ಹೆಚ್ಚು, ಆದ್ದರಿಂದ ಅದರ ಬೆಲೆ ಹೆಚ್ಚಾಗಿರುವುದು ನ್ಯಾಯವೇ. ಆದರೆ ಆ ಹೆಚ್ಚಿನ ಬೆಲೆಗೆ ಸಿಗುವುದು ನುಣುಪು, ಬಾಳಿಕೆಯಲ್ಲ.

ಈಗ ಮೂರನೆಯದು. ಅದರ ತೂಕ 645 ಗ್ರಾಂ, ಅಳತೆ 5.8 ಚದರ ಮೀಟರು, ಅಂದರೆ ಜಿಎಸ್‌ಎಂ 111. ನಲವತ್ತರ ನೂಲಿನಿಂದ 600 ಎಳೆ ಕೂರಿಸಿದ್ದರೆ ಆ ಶೀಟು ಎರಡು ಕಿಲೋಗೂ ಮೇಲೆ ತೂಗಬೇಕಿತ್ತು. ಅಷ್ಟೇ ಅಲ್ಲ, ಅಂಥ ಬಟ್ಟೆಯನ್ನು ನೇಯುವುದೇ ಸಾಧ್ಯವಿಲ್ಲ. ನಲವತ್ತರ ಎಳೆಗಳನ್ನು ಒಂದಕ್ಕೊಂದು ತಾಗಿಸಿ, ನಡುವೆ ಕೂದಲೂ ಹೋಗದಂತೆ ಜೋಡಿಸಿದರೂ ಒಂದು ಇಂಚಿನಲ್ಲಿ ಸುಮಾರು 177 ಮಾತ್ರ ಹಿಡಿಯುತ್ತವೆ. ಅಡ್ಡ ಎಳೆ ನುಗ್ಗಲು ಜಾಗ ಬಿಡಬೇಕಾಗುವುದರಿಂದ ಸಾದಾ ನೇಯ್ಗೆಯಲ್ಲಿ ಅದಕ್ಕಿಂತ ಬಹಳ ಕಡಿಮೆ ಹಿಡಿಯುತ್ತವೆ. 111ರ ತೂಕದಲ್ಲಿ 600 ಎಳೆ ನಿಜವಾಗಬೇಕಾದರೆ ನೂಲು 130ನೇ ನಂಬರಿಗಿಂತ ಸಣ್ಣದಿರಬೇಕು, ಮತ್ತು ಅಂಥ ನೂಲಿನ ಶೀಟು ಈ ಬೆಲೆಗೆ ಬರುವುದಿಲ್ಲ. ಅನುಮಾನ ಉಳಿಯದಿರಲೆಂದು ಎಳೆಗಳನ್ನೇ ಎಣಿಸಿದೆವು. ಹಾಸು 100, ಹೊಕ್ಕು 80, ಒಟ್ಟು 180.

ಎಣಿಸುವುದಕ್ಕೆ ದೊಡ್ಡ ಸಾಧನ ಬೇಕಿಲ್ಲ. ಮಗ್ಗದವರ ಬಳಿ ಒಂದು ಇಂಚಿನ ಚೌಕ ಕಿಂಡಿಯುಳ್ಳ ಮಡಚುವ ಭೂತಗನ್ನಡಿ ಇರುತ್ತದೆ. ಅದು ಇಲ್ಲದವರು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಎದುರಾಗಿ ಬಿಗಿಯಾಗಿ ಹಿಡಿದು, ಅಳತೆಪಟ್ಟಿಯನ್ನು ಅದರ ಮೇಲಿಟ್ಟು, ಫೋನಿನಿಂದ ಹತ್ತಿರದ ಫೋಟೊ ತೆಗೆದು ಹಿಗ್ಗಿಸಿ, ಅರ್ಧ ಇಂಚಿನ ಎಳೆಗಳನ್ನು ಎಣಿಸಿ ಇಮ್ಮಡಿ ಮಾಡಿಕೊಂಡರೆ ಸಾಕು. ಸ್ಯಾಟಿನ್ನಿನ ಹಾಸನ್ನು ಎಣಿಸುವಾಗ ಮಾತ್ರ ಕಣ್ಣು ದಣಿಯುತ್ತದೆ. ಹಾಸಿನ ಎಳೆಗಳು ಒತ್ತೊತ್ತಾಗಿ ಮಲಗಿರುವುದರಿಂದ ಅಂಚಿನ ಮಡಿಕೆಯಿಂದ ಒಂದು ಚೂರು ಬಿಚ್ಚಿ ಸೂಜಿಯಿಂದ ಒಂದೊಂದಾಗಿ ಎಳೆದು ಎಣಿಸುವುದು ಸುಲಭ.

ಹೀಗೆ ಎಳೆದಾಗ ಇನ್ನೊಂದನ್ನೂ ನೋಡಬೇಕು. ಒಂದು ಎಳೆಯ ಎರಡು ತುದಿ ಹಿಡಿದು ಹುರಿಯ ವಿರುದ್ಧ ದಿಕ್ಕಿಗೆ ತಿರುವಿದರೆ ಅದು ನಾರುನಾರಾಗಿ ಬಿಚ್ಚಿಕೊಂಡರೆ ಒಂಟಿ ಎಳೆ. ಎರಡು ಬೇರೆ ಬೇರೆ ಎಳೆಗಳಾಗಿ ಸೀಳಿದರೆ ಹುರಿ ಮಾಡಿದ ಜೋಡಿ ಎಳೆ. ಜೋಡಿ ಎಳೆಯನ್ನು ಒಂದೆಂದೇ ಎಣಿಸುವುದು ಸರಿಯಾದ ಪದ್ಧತಿ. ಕೆಲವರು ಅದನ್ನು ಎರಡೆಂದು ಎಣಿಸಿ 300ನ್ನು 600 ಮಾಡುತ್ತಾರೆ. ನಮ್ಮ ಮುಂದಿದ್ದ ಶೀಟಿನಲ್ಲಿ ಆ ನೆಪವೂ ಇರಲಿಲ್ಲ, ಎಲ್ಲವೂ ಒಂಟಿ ಎಳೆಗಳೇ. ಎಳೆದ ನಾಲ್ಕು ಎಳೆಗಳನ್ನು ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿದಾಗ ಅವು ಉರಿಯುವ ಮೊದಲು ಮುದುಡಿಕೊಂಡವು, ಆರಿದ ಮೇಲೆ ಬೂದಿಯ ನಡುವೆ ಸಾಸಿವೆಗಿಂತ ಚಿಕ್ಕದಾದ ಗಟ್ಟಿ ಕಪ್ಪು ಮಣಿ ಉಳಿಯಿತು. ಬರೀ ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಿಗೆ ಹತ್ತಿದರೆ ಪುಡಿಯಾಗುವ ಬೂದಿ ಮಾತ್ರ ಇರುತ್ತಿತ್ತು. ಅದರಲ್ಲಿ ಪಾಲಿಯೆಸ್ಟರ್ ಬೆರೆತಿತ್ತು. ಬಟ್ಟೆಯ ವ್ಯಾಪಾರದಲ್ಲಿ ಟಿಸಿ ಎಂದರೆ ಪಾಲಿಯೆಸ್ಟರ್ ಮತ್ತು ಹತ್ತಿ ಬೆರೆತ ಟೆರಿಕಾಟ್ ಎಂಬ ಹಳೆಯ ಅರ್ಥವೂ ಇರುವುದರಿಂದ, ಆ ಪೊಟ್ಟಣದ ಮೇಲೆ ಅಚ್ಚಾಗಿದ್ದ ಎರಡು ಮಾತುಗಳಲ್ಲಿ ಒಂದಂತೂ ನಿಜವಾಗಿತ್ತು ಎಂದು ನಾನು ನಕ್ಕೆ. 'ಗ್ಲೇಸ್ ಕಾಟನ್' ಎಂಬ ಹೆಸರಿನಲ್ಲಿ ಬರುವ ಹೊಳಪಿನ ಅಗ್ಗದ ಶೀಟುಗಳಲ್ಲಿ ಬಹಳಷ್ಟು ಇದೇ ಜಾತಿಯವು. ಹೆಸರಿನಲ್ಲಿ ಕಾಟನ್ ಇದೆ ಎಂದು ನಂಬದೆ ಒಂದು ಎಳೆ ಸುಟ್ಟು ನೋಡುವುದು ಒಳ್ಳೆಯದು.

ತೂಕವನ್ನೂ ಕಣ್ಣುಮುಚ್ಚಿ ನಂಬಬಾರದು, ಏಕೆಂದರೆ ಗಂಜಿಯೂ ತೂಗುತ್ತದೆ. ಕೈಮಗ್ಗದ ಶೀಟು, ಅಗ್ಗದ ಪವರ್‌ಲೂಮ್ ಶೀಟು ಕೆಲವೊಮ್ಮೆ ಗಂಜಿ ಕುಡಿದು ದಪ್ಪಗೆ, ಗರಿಗರಿಯಾಗಿ ಇರುತ್ತವೆ, ಮತ್ತು ಎರಡು ಒಗೆತಕ್ಕೆ ಜಾಳುಜಾಳಾಗುತ್ತವೆ. ಮಡಿಕೆಯ ಒಳಬದಿಗೆ ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ನಿನ ಒಂದು ಹನಿ ಹಾಕಿದರೆ ಗಂಜಿ ಇದ್ದ ಕಡೆ ಕಡುನೀಲಿಯಾಗುತ್ತದೆ. ಅಷ್ಟು ಮಾಡಲಾಗದಿದ್ದರೆ ಬಟ್ಟೆಯನ್ನು ಎರಡೂ ಅಂಗೈಗಳ ನಡುವೆ ಜೋರಾಗಿ ಉಜ್ಜಿ ಕಪ್ಪು ಕಾಗದದ ಮೇಲೆ ಕೊಡವಿದರೂ ಬಿಳಿಯ ಪುಡಿ ಕಾಣಿಸುತ್ತದೆ.

ನೇಯ್ಗೆಯ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಊರಿನ ಹವೆಯನ್ನು ಅನುಸರಿಸಿದ್ದು. ಸಾದಾ ನೇಯ್ಗೆಯಲ್ಲಿ ಪ್ರತಿ ಎಳೆಯೂ ಒಂದರ ಮೇಲೆ, ಇನ್ನೊಂದರ ಕೆಳಗೆ ಹೋಗುವುದರಿಂದ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ, ಮೈಗೆ ಅಂಟಿಕೊಳ್ಳುವುದಿಲ್ಲ, ಗಾಳಿ ಆಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ವಿಜಯಪುರ, ಬಾಗಲಕೋಟೆಯ ಮನೆಗಳಿಗೆ ಇದಕ್ಕಿಂತ ಹಿತವಾದದ್ದು ಇಲ್ಲ. ಸುಕ್ಕು ಬೇಗ ಬೀಳುತ್ತದೆ ಎಂಬುದೊಂದೇ ಅದರ ಕೊರತೆ. ಸ್ಯಾಟಿನ್ನಿನಲ್ಲಿ ಒಂದು ಎಳೆ ನಾಲ್ಕು ಎಳೆಗಳ ಮೇಲೆ ಉದ್ದಕ್ಕೆ ಹಾದು ಐದನೆಯದರ ಕೆಳಗೆ ಇಳಿಯುತ್ತದೆ. ಹೀಗೆ ಮೇಲೆಯೇ ಮಲಗಿದ ಎಳೆಗಳು ನುಣುಪು ಮತ್ತು ಹೊಳಪನ್ನು ಕೊಡುತ್ತವೆ, ಹಾಗೆಯೇ ಕಾಲುಂಗುರಕ್ಕೂ ಬಳೆಗೂ ಸಿಕ್ಕಿ ಎಳೆದುಕೊಳ್ಳುತ್ತವೆ, ತಿಕ್ಕಾಟಕ್ಕೆ ಬೇಗ ಜುಂಗಾಗುತ್ತವೆ. ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುವ ಜಾಗ ಕಡಿಮೆಯಿರುವುದರಿಂದಲೇ ಸ್ಯಾಟಿನ್ನಿಗೆ ಹೆಚ್ಚು ಎಳೆ ತುಂಬಬೇಕಾಗುತ್ತದೆ. ಆದ್ದರಿಂದ ಸಾದಾ ನೇಯ್ಗೆಯ 200ನ್ನೂ ಸ್ಯಾಟಿನ್ನಿನ 300ನ್ನೂ ಒಂದೇ ಅಳತೆಗೋಲಿನಲ್ಲಿ ಇಟ್ಟು ನೋಡುವುದು ತಪ್ಪು. ಬೆಳಗಾವಿಯ ತಂಪು ರಾತ್ರಿಗಳಿಗೆ, ಮನೆಮಂದಿ ಮಾತ್ರ ಮಲಗುವ ಕೋಣೆಗೆ ಸ್ಯಾಟಿನ್ ಚೆನ್ನ. ದಿನಕ್ಕೊಬ್ಬರು ಮಲಗಿ ಏಳುವ ಲಾಡ್ಜಿಗೆ ಅದನ್ನು ನಾನು ಕೊಡುವುದಿಲ್ಲ.

ಕುಗ್ಗುವಿಕೆಯ ವಿಷಯದಲ್ಲಿ ಜನ ಬಟ್ಟೆಯನ್ನು ಬೈಯುತ್ತಾರೆ, ಆದರೆ ಅದರ ಮೂಲ ಮಗ್ಗದಲ್ಲಿದೆ. ನೇಯುವಾಗಲೂ ಆಮೇಲೆ ಬಣ್ಣ, ಇಸ್ತ್ರಿಗಳ ಯಂತ್ರದಲ್ಲಿಯೂ ಹಾಸಿನ ಎಳೆಗಳನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತಾರೆ. ನೀರು ಕುಡಿದಾಗ ನೂಲು ಉಬ್ಬುತ್ತದೆ. ಉಬ್ಬಿದ ಎಳೆಯನ್ನು ಬಳಸಿ ಹೋಗಲು ಇನ್ನೊಂದು ಎಳೆಗೆ ಹೆಚ್ಚು ಉದ್ದ ಬೇಕಾಗುತ್ತದೆ, ಆ ಉದ್ದ ಬಟ್ಟೆಯಿಂದಲೇ ಬರಬೇಕಾದ್ದರಿಂದ ಬಟ್ಟೆ ಗಿಡ್ಡವಾಗುತ್ತದೆ. ಹಾಗಾಗಿ ಅಗಲಕ್ಕಿಂತ ಉದ್ದದಲ್ಲಿ ಕುಗ್ಗುವುದು ಹೆಚ್ಚು. ಸ್ಯಾನ್‌ಫರೈಸ್ ಮಾಡಿದ ಬಟ್ಟೆಯನ್ನು ಕಾರ್ಖಾನೆಯಲ್ಲಿಯೇ ಒತ್ತಿ ಕುಗ್ಗಿಸಿರುತ್ತಾರೆ, ಅದರಲ್ಲಿ ಮುಂದೆ ನೂರಕ್ಕೆ ಎರಡು ಮೂರು ಇಂಚಿನಷ್ಟು ಮಾತ್ರ ಉಳಿದಿರುತ್ತದೆ. ಹಾಗೆ ಮಾಡದ ಬಟ್ಟೆಯಲ್ಲಿ ಐದಾರು ಹೋಗುವುದು ಸಾಮಾನ್ಯ, ಕೈಮಗ್ಗದ್ದಾದರೆ ಇನ್ನೂ ಹೆಚ್ಚು ಹೋಗಬಹುದು.

ಇದರ ಪರಿಣಾಮ ಗಾದಿಯ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಲಾಡ್ಜಿನವರಿಗೆ ಅಳೆದೇ ತೋರಿಸಿದೆ. ಅವರ ಗಾದಿ 78 ಇಂಚು ಉದ್ದ, 6 ಇಂಚು ದಪ್ಪ. ಮೇಲಿನ 78ಕ್ಕೆ ತಲೆಗೂ ಕಾಲಿಗೂ ಇಳಿಯುವ 6 ಮತ್ತು 6 ಸೇರಿ 90 ಇಂಚು ಬೇಕು. ಅದಾದ ಮೇಲೆ ಉಳಿದದ್ದಷ್ಟೇ ಗಾದಿಯ ಕೆಳಗೆ ಸಿಗಿಸಲು ಬರುವುದು. 100 ಇಂಚಿನ ಶೀಟು ನೂರಕ್ಕೆ ಆರರಂತೆ ಕುಗ್ಗಿ 94 ಆದರೆ ಒಂದೊಂದು ಬದಿಗೆ ಉಳಿಯುವುದು ಎರಡೇ ಇಂಚು. ಮಲಗಿದವರು ಒಮ್ಮೆ ಮಗ್ಗುಲಾದರೆ ಅದು ಹೊರಗೆ ಬರುತ್ತದೆ. 108 ಇಂಚಿನದು ನೂರಕ್ಕೆ ಮೂರರಂತೆ ಕುಗ್ಗಿ ಸುಮಾರು 104½ ಇಂಚಿಗೆ ಬಂದರೂ ಒಂದೊಂದು ಬದಿಗೆ ಏಳು ಇಂಚು ಉಳಿಯುತ್ತದೆ. ಆದ್ದರಿಂದ ಎರಡು ಶೀಟುಗಳ ಬೆಲೆಯನ್ನು ಹೋಲಿಸುವಾಗ ಪೊಟ್ಟಣದ ಅಳತೆಯನ್ನಲ್ಲ, ಒಗೆದ ಮೇಲಿನ ಅಳತೆಯನ್ನು ಹೋಲಿಸಬೇಕು.

ಹತ್ತಾರು ಶೀಟು ಕೊಳ್ಳುವವರು ಮೊದಲು ಒಂದನ್ನು ಒಯ್ದು ಪರೀಕ್ಷಿಸುವುದು ಲೇಸು. ಉದ್ದಕ್ಕೂ ಅಡ್ಡಕ್ಕೂ 50 ಸೆಂಟಿಮೀಟರು ಅಳೆದು ಎರಡೂ ತುದಿಗೆ ಬೇರೆ ಬಣ್ಣದ ದಾರದಿಂದ ಒಂದೊಂದು ಹೊಲಿಗೆ ಹಾಕಿ, ಮನೆಯಲ್ಲಿ ಒಗೆಯುವ ಹಾಗೆಯೇ ಮೂರು ಸಲ ಒಗೆದು, ಹಿಂಡಿ ಎಳೆಯದೆ ಚಪ್ಪಟೆಯಾಗಿ ಹಾಸಿ ಒಣಗಿಸಿ ಮತ್ತೆ ಅಳೆಯಬೇಕು. 48.5 ಬಂದರೆ ನೂರಕ್ಕೆ ಮೂರು ಕುಗ್ಗಿದೆ ಎಂದರ್ಥ. ತಂತಿಯ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಬಟ್ಟೆ ಜಗ್ಗಿ ಲೆಕ್ಕ ತಪ್ಪುತ್ತದೆ. ಒಂದೇ ಒಗೆತಕ್ಕೆ ಎಲ್ಲ ಕುಗ್ಗಿ ಮುಗಿಯುವುದೂ ಇಲ್ಲ.

ಟವೆಲ್ಲಿಗೆ ಬಂದರೆ ಎಳೆಯ ಎಣಿಕೆಯನ್ನು ಮರೆತುಬಿಡಬೇಕು. ಟೆರ್ರಿ ಟವೆಲ್ಲಿನಲ್ಲಿ ಎರಡು ಹಾಸುಗಳಿರುತ್ತವೆ: ಬಿಗಿಯಾಗಿ ನಿಂತು ನೆಲವಾಗುವುದು ಒಂದು, ಸಡಿಲವಾಗಿ ಕುಣಿಕೆಯಾಗಿ ಏಳುವುದು ಇನ್ನೊಂದು. ನೀರು ಹೀರುವುದು ಈ ಕುಣಿಕೆಗಳ ಕೆಲಸವಾದ್ದರಿಂದ ಇಲ್ಲಿ ತೂಕವೇ ಮುಖ್ಯ ಅಳತೆ. ನಮ್ಮಿಂದ ಸುಮಾರು ನೂರು ಕಿಲೋಮೀಟರು ದೂರದ ಸೊಲ್ಲಾಪುರ ಚಾದರಕ್ಕೆ ಹೇಗೋ ಟೆರ್ರಿ ಟವೆಲ್ಲಿಗೂ ಹಾಗೆಯೇ ಹೆಸರಾದ ಊರು, ಎರಡಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಹಾಗಾಗಿ ಈ ಭಾಗದ ಅಂಗಡಿಗಳಲ್ಲಿ ಆಯ್ಕೆಗೆ ಕೊರತೆಯಿಲ್ಲ. 30 ಇಂಚು ಅಗಲ, 60 ಇಂಚು ಉದ್ದದ ಟವೆಲು ಸುಮಾರು 1.16 ಚದರ ಮೀಟರು. ಅದು 465 ಗ್ರಾಂ ತೂಗಿದರೆ ಜಿಎಸ್‌ಎಂ 400, 640 ಗ್ರಾಂ ತೂಗಿದರೆ 550.

550ರದು ಕೈಗೆ ಸಮೃದ್ಧವಾಗಿ ಸಿಗುತ್ತದೆ, ಆದರೆ ಒಣಗಬೇಕಲ್ಲ. ಜುಲೈ ತಿಂಗಳಲ್ಲಿ ಬೆಳಗಾವಿಯ ಮನೆಯೊಂದರಲ್ಲಿ ಮೂರು ದಿನ ಬಿಸಿಲು ಕಾಣದಿದ್ದಾಗ ಅಂಥ ಟವೆಲು ಒಣಗುವ ಮೊದಲೇ ಮುಗ್ಗಲು ವಾಸನೆ ಹಿಡಿಯುತ್ತದೆ. ಅಲ್ಲಿಗೆ 350ರಿಂದ 400ರ ಒಳಗಿನದನ್ನೇ ಆರಿಸಬೇಕೆಂದು ನಾನು ಹೇಳುತ್ತೇನೆ. ವಿಜಯಪುರದ ಒಣ ಗಾಳಿಗೆ 450ರದು ಮಧ್ಯಾಹ್ನದ ಒಳಗೆ ಒಣಗುತ್ತದೆ. ಆದರೆ ಇಲ್ಲಿಯ ತೊಂದರೆ ಬೇರೆ: ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಸಾಬೂನಿನೊಂದಿಗೆ ಸೇರಿ ಕರಗದ ಜಿಗುಟಾಗಿ ಕುಣಿಕೆಗಳ ನಡುವೆ ಕೂರುತ್ತದೆ, ಟವೆಲು ಮರಳುಕಾಗದದಂತೆ ಒರಟಾಗುತ್ತದೆ. ಗಡಸು ನೀರಿಗೆ ಸಾಬೂನಿನ ಬಾರ್‌ಗಿಂತ ಡಿಟರ್ಜೆಂಟ್ ಪುಡಿ ಮೇಲು.

ಹೊಸ ಟವೆಲ್ಲಿನ ಮೆತ್ತನೆಯ ಸ್ಪರ್ಶ ಬಹಳ ಸಲ ಸಿಲಿಕೋನ್ ಲೇಪದ್ದು. ಒಂದು ಹನಿ ನೀರು ಹಾಕಿ ನೋಡಿ. ಅದು ಕೆಸುವಿನ ಎಲೆಯ ಮೇಲಿನ ಹನಿಯಂತೆ ನಿಂತರೆ ಲೇಪ ಹೋಗುವವರೆಗೆ ಆ ಟವೆಲು ಮೈ ಒರೆಸುವುದಿಲ್ಲ, ನೀರನ್ನು ಸವರುತ್ತದೆ. ಅಂಗಡಿಯಲ್ಲಿ ನಾನು ಮಾಡಿ ತೋರಿಸುವ ಇನ್ನೊಂದು ಪರೀಕ್ಷೆಯೆಂದರೆ ಟವೆಲನ್ನು ಬೆರಳಿನ ಮೇಲೆ ಮಡಚಿ ಕುಣಿಕೆಗಳನ್ನು ಅಗಲಿಸುವುದು. ಬುಡದಲ್ಲಿ ಬಿಗಿಯಾದ ನೇಯ್ಗೆ ಕಂಡರೆ ಬಾಳುತ್ತದೆ. ಬುಡದಲ್ಲಿ ಬೆಳಕು ಹಾಯುತ್ತಿದ್ದರೆ ಕುಣಿಕೆಗಳನ್ನು ಹಿಡಿದಿರುವ ಅಡ್ಡ ಎಳೆ ಕಡಿಮೆ ಎಂದರ್ಥ. ಅಂಥದು ಎಷ್ಟೇ ತೂಗಲಿ, ಬಳೆಗೆ ಸಿಕ್ಕಿ ಕುಣಿಕೆ ಎಳೆದುಕೊಳ್ಳುತ್ತ ಹೋಗುತ್ತದೆ. ಎದ್ದ ಕುಣಿಕೆಯನ್ನು ಜಗ್ಗದೆ ಕತ್ತರಿಯಿಂದ ಕತ್ತರಿಸಿದರೆ ಆಯಿತು, ಉಳಿದದ್ದು ಬಿಚ್ಚಿಕೊಳ್ಳುವುದಿಲ್ಲ. ಟವೆಲ್ಲಿನ ತುದಿಯಲ್ಲಿರುವ ಕುಣಿಕೆಯಿಲ್ಲದ ಚಪ್ಪಟೆ ಪಟ್ಟಿಯನ್ನೂ ಗಮನಿಸಬೇಕು. ಅದರ ನೇಯ್ಗೆ ಬೇರೆಯಾದ್ದರಿಂದ ಅದು ಉಳಿದ ಮೈಗಿಂತ ಬೇರೆ ಪ್ರಮಾಣದಲ್ಲಿ ಕುಗ್ಗಿ, ಕೆಲವೇ ಒಗೆತಕ್ಕೆ ಲಂಗದ ನಿರಿಗೆಯಂತೆ ಅಲೆಅಲೆಯಾಗುತ್ತದೆ. ಅಗಲವಾದ, ಹೊಳೆಯುವ ಪಟ್ಟಿಗಿಂತ ಸಣ್ಣ ಸಾದಾ ಪಟ್ಟಿಯೇ ನಂಬಿಕೆಗೆ ತಕ್ಕದ್ದು.

ಬಣ್ಣದ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಹಲವು ವರ್ಷಗಳ ಹಿಂದೆ ಮದುವೆ ಮನೆಯೊಂದಕ್ಕೆ ಕೆನೆಬಣ್ಣದ ಶೀಟುಗಳನ್ನೂ ಹೊರಗಿನ ಸರಬರಾಜುದಾರರಿಂದ ತರಿಸಿದ ಕಡುಗೆಂಪು ಟವೆಲುಗಳನ್ನೂ ಕೂಡಿಯೇ ಕೊಟ್ಟಿದ್ದೆ. ಬೀಗರು ಹೋದ ಮರುದಿನ ಆ ಮನೆಯವರು ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕಿದ್ದರು. ಬೆಳಗ್ಗೆ ಹನ್ನೊಂದು ಶೀಟುಗಳೂ ಗುಲಾಬಿಯಾಗಿದ್ದವು. ಸರಬರಾಜುದಾರರು "ಬಣ್ಣ ಗ್ಯಾರಂಟಿ ಅಂತ ನಾವು ಎಲ್ಲಿ ಬರದೇವ್ರಿ?" ಎಂದರು. ಹೌದು, ಬರೆದಿರಲಿಲ್ಲ. ಶೀಟುಗಳ ಹಣವನ್ನು ನಾನೇ ಹಿಂದಿರುಗಿಸಿದೆ.

ಅಂದಿನಿಂದ ಪ್ರತಿ ಹೊಸ ಮಾಲಿಗೂ ಬಿಳಿ ಕರವಸ್ತ್ರದ ಪರೀಕ್ಷೆ ಮಾಡುತ್ತೇನೆ. ಬೆರಳಿಗೆ ಒಣ ಕರವಸ್ತ್ರ ಸುತ್ತಿ ಬಟ್ಟೆಯ ಮೇಲೆ ಹತ್ತು ಸಲ ಹಿಂದೆ ಮುಂದೆ ತಿಕ್ಕುವುದು, ಆಮೇಲೆ ಒದ್ದೆ ಮಾಡಿ ಹಿಂಡಿದ ಇನ್ನೊಂದು ತುದಿಯಿಂದ ಮತ್ತೆ ಹತ್ತು ಸಲ. ಪ್ರಯೋಗಾಲಯದಲ್ಲಿ ಯಂತ್ರದಿಂದ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಅಲ್ಲಿ ಹತ್ತಿದ ಕಲೆಯನ್ನು ಬೂದುಬಣ್ಣದ ಪಟ್ಟಿಯೊಂದಿಗೆ ಹೋಲಿಸಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಎಂದರೆ ಕಲೆಯೇ ಇಲ್ಲ, 1 ಎಂದರೆ ಕೈಬಿಡಬೇಕಾದದ್ದು. ಗಾಢ ಬಣ್ಣಕ್ಕೆ ಒದ್ದೆ ತಿಕ್ಕಿನಲ್ಲಿ 3 ಬಂದರೆ ಒಪ್ಪಬಹುದು, ತಿಳಿ ಬಣ್ಣಕ್ಕೆ 4 ಬೇಕು. ಒಗೆತದ ಪರೀಕ್ಷೆಗೆ ಬಣ್ಣದ ಚೂರಿಗೆ ಬಿಳಿ ಹತ್ತಿಯ ಚೂರನ್ನು ಹೊಲಿದು, ಒಂದು ಲೀಟರ್ ಬಿಸಿನೀರಿಗೆ ಒಂದು ಚಮಚ ಪುಡಿ ಹಾಕಿ ಅರ್ಧ ಗಂಟೆ ಅಲ್ಲಾಡಿಸಿ, ಬೇರೆ ಮಾಡಿ ಒಣಗಿಸಬೇಕು. ನೀರು ಬಣ್ಣವಾಗಿದ್ದಕ್ಕಿಂತ ಬಿಳಿ ಚೂರಿಗೆ ಹತ್ತಿತೇ ಎಂಬುದು ಮುಖ್ಯ.

ಒಮ್ಮೆ ಬಣ್ಣ ಬಿಟ್ಟಿತೆಂದು ಎಲ್ಲವನ್ನೂ ತಳ್ಳಿಹಾಕಬೇಕಿಲ್ಲ. ರಿಯಾಕ್ಟಿವ್ ಬಣ್ಣ ಹತ್ತಿಯ ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಬೆಸೆಯದೆ ಉಳಿದದ್ದನ್ನು ಕಾರ್ಖಾನೆಯಲ್ಲಿ ಚೆನ್ನಾಗಿ ತೊಳೆಯದಿದ್ದರೆ ಅದು ಮೊದಲ ಎರಡು ಮೂರು ಒಗೆತಗಳಲ್ಲಿ ಹೊರಬಂದು ನಿಲ್ಲುತ್ತದೆ. ಡೈರೆಕ್ಟ್ ಎಂಬ ಅಗ್ಗದ ಬಣ್ಣಕ್ಕೆ ಅಂಥ ಬೆಸುಗೆಯಿಲ್ಲ, ಅದು ಹತ್ತನೆಯ ಒಗೆತದಲ್ಲಿಯೂ ಬಿಡುತ್ತಿರುತ್ತದೆ. ಆದ್ದರಿಂದ ಮೂರನೆಯ ಒಗೆತದ ನೀರೇ ಸರಿಯಾದ ಸಾಕ್ಷಿ. ಅಚ್ಚು ಹಾಕಿದ ಶೀಟುಗಳಲ್ಲಿ ಹೂವಿರುವಲ್ಲಿ ಬಟ್ಟೆ ಬಿರುಸಾಗಿ, ಹಿಂಬದಿ ಬಹುಪಾಲು ಬಿಳಿಯಾಗಿದ್ದರೆ ಅದು ಅಂಟಿನಿಂದ ಹಿಡಿಸಿದ ಪಿಗ್ಮೆಂಟ್. ಬಿಸಿಲಿಗೆ ಅದು ಗಟ್ಟಿ, ತಿಕ್ಕಾಟಕ್ಕೆ ಮೆದು, ಮಡಿಕೆಯ ಸಾಲಿನಲ್ಲಿ ಬೆಳ್ಳಗಾಗುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ಮಾತನ್ನು ನಮ್ಮ ಭಾಗದ ಮನೆಮನೆಯಲ್ಲೂ ಕೇಳುತ್ತೇವೆ. ಉಪ್ಪು ಇದ್ದಾಗ ಸಡಿಲ ಬಣ್ಣ ಆ ಹೊತ್ತಿಗೆ ನೀರಿಗೆ ಇಳಿಯದೆ ನಿಲ್ಲಬಹುದು, ಆದರೆ ಹೊಸ ಬೆಸುಗೆಯೇನೂ ಆಗುವುದಿಲ್ಲ; ಉಪ್ಪಿಲ್ಲದ ನೀರು ಬಿದ್ದಾಗ ಮತ್ತೆ ಬಿಡುತ್ತದೆ.

ಲಾಡ್ಜಿನ ಮಟ್ಟಿಗೆ ಈ ಚಿಂತೆಯೇ ಬೇಡವೆಂದು ಬಿಳಿಯನ್ನು ಆರಿಸಿದೆವು. ತಲೆಯ ಎಣ್ಣೆ, ಚಹಾದ ಕಲೆಗಳಿಗೆ ಅಗಸರು ಬ್ಲೀಚಿಂಗ್ ಹಾಕದೆ ಬಿಡುವುದಿಲ್ಲ, ಬ್ಲೀಚಿಂಗಿಗೆ ರಿಯಾಕ್ಟಿವ್ ಬಣ್ಣಗಳಲ್ಲಿ ಹೆಚ್ಚಿನವು ತಡೆಯುವುದಿಲ್ಲ. ಹಾಸಿಗೆಯ ಮೇಲೆ ಒಂದು, ಒಗೆತದಲ್ಲಿ ಒಂದು, ಕಪಾಟಿನಲ್ಲಿ ಒಂದು ಎಂಬ ಲೆಕ್ಕದಲ್ಲಿ ಹನ್ನೆರಡು ಕೋಣೆಗೆ 36 ಶೀಟು, ಸಾದಾ ನೇಯ್ಗೆಯ 200ರದೇ. ಟವೆಲು 400ರದು, ಸಣ್ಣ ಪಟ್ಟಿಯದು. ಸ್ಯಾಟಿನ್ ಶೀಟನ್ನು ಅವರು ಒಂದೇ ಒಂದು, ತಮ್ಮ ಮನೆಗೆಂದು ಕಟ್ಟಿಸಿಕೊಂಡರು. ಆರ್ನೂರರದನ್ನು ನಾನು ಬಂದ ಕಡೆಗೇ ವಾಪಸು ಕಳಿಸಿದೆ.

ನಾಲ್ಕು ತಿಂಗಳ ಮೇಲೆ ಆ ಕಡೆ ಹೋದಾಗ ಕಪಾಟಿನಿಂದ ಒಂದು ಶೀಟು ತೆಗೆಸಿ ಅಳೆದು, ತೂಗಿ, ಬಂದ ಅಂಕಿಗಳನ್ನು ಅಂಗಡಿಯಲ್ಲಿ ಅದೇ ಮಾಲಿನ ಮೇಲೆ ಚೀಟಿ ಬರೆದು ಅಂಟಿಸಿದೆ: "ಬರೀ ಹತ್ತಿ, ಸಾದಾ ನೇಯ್ಗೆ, 40ರ ಒಂಟಿ ನೂಲು. ಹಾಸು 112, ಹೊಕ್ಕು 88. ಹೊಸದು 90 × 108 ಇಂಚು, 780 ಗ್ರಾಂ. ಹಲವು ಒಗೆತದ ಮೇಲೆ 88 × 104½ ಇಂಚು. ಬಿಳಿ, ಬ್ಲೀಚಿಂಗ್ ತಡೆಯುತ್ತದೆ. ಸುಕ್ಕು ಬೀಳುತ್ತದೆ."